ರೇಷನ್ ಅಕ್ಕಿಯ ಲೆಕ್ಕ, ಕಂಪನಿಯ ಭಾಷೆಯಲ್ಲಿ

ಜಿಲ್ಲೆಯೊಂದರ ಆಹಾರ ಇಲಾಖೆಯ ಉಪ ನಿರ್ದೇಶಕರೊಬ್ಬರು ಸ್ವಯಂ ನಿವೃತ್ತಿ ಪಡೆದು ಖಾಸಗಿ ಕಂಪನಿ ಸೇರಬೇಕೆಂದಿದ್ದಾರೆ ಎಂದುಕೊಳ್ಳೋಣ. ಬಿಸ್ಕತ್ತು, ಎಣ್ಣೆ, ಸೋಪು ಮಾರುವ ಕಂಪನಿಗೆ ರಾಜ್ಯದ ಒಂದು ಭಾಗದ ಸರಕು ವಿತರಣೆ ನೋಡಿಕೊಳ್ಳುವವರು ಬೇಕಾಗಿದ್ದಾರೆ. ಅಧಿಕಾರಿ ಇಪ್ಪತ್ತೆರಡು ವರ್ಷ ಮಾಡಿದ್ದು ಹೆಚ್ಚೂಕಡಿಮೆ ಅದೇ ಕೆಲಸ. ಆದರೆ ರೆಸ್ಯೂಮೆಯ ತಲೆಭಾಗದಲ್ಲಿ ಅವರು ಬರೆದ ಸಾರಾಂಶ ಹೀಗಿದೆ:

“ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಇಲಾಖೆಯಲ್ಲಿ ಆಹಾರ ನಿರೀಕ್ಷಕನಾಗಿ ಸೇವೆಗೆ ಸೇರಿ, ಶಿರಸ್ತೇದಾರ್, ಸಹಾಯಕ ನಿರ್ದೇಶಕ ಹುದ್ದೆಗಳಲ್ಲಿ ಕಾರ್ಯನಿರ್ವಹಿಸಿ, ಪ್ರಸ್ತುತ ಉಪ ನಿರ್ದೇಶಕನಾಗಿರುತ್ತೇನೆ. ಸಾರ್ವಜನಿಕ ವಿತರಣಾ ಪದ್ಧತಿಯ ಅನುಷ್ಠಾನ, ನ್ಯಾಯಬೆಲೆ ಅಂಗಡಿಗಳ ತಪಾಸಣೆ, ಅಗತ್ಯ ವಸ್ತುಗಳ ಕಾಯ್ದೆಯಡಿ ಪ್ರಕರಣ ದಾಖಲು ಹಾಗೂ ಮೇಲಧಿಕಾರಿಗಳು ಕಾಲಕಾಲಕ್ಕೆ ವಹಿಸಿದ ಇತರೆ ಕರ್ತವ್ಯಗಳನ್ನು ನಿರ್ವಹಿಸಿರುತ್ತೇನೆ. ಪ್ರಾಮಾಣಿಕ, ಕಠಿಣ ಪರಿಶ್ರಮಿ.”

ಇದರಲ್ಲಿ ಸುಳ್ಳಿಲ್ಲ. ಇಲಾಖೆಯಲ್ಲಿರುವವರು ಓದಿದರೆ ಈ ಮನುಷ್ಯ ಕೆಳಗಿನಿಂದ ಮೇಲೆ ಬಂದವರು, ಕ್ಷೇತ್ರದ ಕೆಲಸ ಬಲ್ಲವರು ಎಂದು ತಕ್ಷಣ ಗೊತ್ತಾಗುತ್ತದೆ. ಕಂಪನಿಯಲ್ಲಿ ಇದನ್ನು ಮೊದಲು ಓದುವುದು ನೇಮಕಾತಿ ವಿಭಾಗದ ಒಬ್ಬ ಹುಡುಗಿಯೋ ಹುಡುಗನೋ. ಶಿರಸ್ತೇದಾರ್ ಎಂದರೆ ಯಾವ ಮಟ್ಟದ ಹುದ್ದೆ ಎಂದು ಅವರಿಗೆ ತಿಳಿಯದು. ಎಷ್ಟು ಸರಕು, ಎಷ್ಟು ಗೋದಾಮು, ಎಷ್ಟು ಅಂಗಡಿ, ಕೆಲಸ ಸುಧಾರಿಸಿತೇ ಇಲ್ಲವೇ ಎಂಬುದು ಅವರು ಹುಡುಕುವ ವಿಷಯ. ಮೇಲಿನ ಸಾರಾಂಶದಲ್ಲಿ ಇವುಗಳಲ್ಲಿ ಒಂದೂ ಇಲ್ಲ.

ಅಧಿಕಾರಿ ಹೀಗೆ ಬರೆಯುವುದಕ್ಕೆ ಕಾರಣವಿದೆ. ಸರ್ಕಾರಿ ನೌಕರನ ಬದುಕು ದಾಖಲಾಗುವುದು ಸೇವಾ ಪುಸ್ತಕದಲ್ಲಿ. ಸೇರಿದ ದಿನ, ಬಡ್ತಿ, ವರ್ಗಾವಣೆ, ವಾರ್ಷಿಕ ವೇತನ ಬಡ್ತಿ, ರಜೆ ಎಲ್ಲವೂ ಅಲ್ಲಿರುತ್ತವೆ. ಯಾವ ತಿಂಗಳು ಎಷ್ಟು ಅಕ್ಕಿ ಸಾಗಿತು, ಎಲ್ಲಿ ತಡವಾಯಿತು, ಅದನ್ನು ಯಾರು ಸರಿಪಡಿಸಿದರು ಎಂಬುದಕ್ಕೆ ಆ ಪುಸ್ತಕದಲ್ಲಿ ಕಲಮು ಇಲ್ಲ. ಹೀಗಾಗಿ ತಮ್ಮ ಬಗ್ಗೆ ಬರೆಯಿರಿ ಎಂದ ಕೂಡಲೇ ಕೈ ತಾನಾಗಿ ಸೇವಾ ಪುಸ್ತಕವನ್ನೇ ನಕಲು ಮಾಡುತ್ತದೆ.

ಅಕ್ಕಿ ಸಾಗುವ ದಾರಿ

ಪದಗಳನ್ನು ಬದಲಿಸುವ ಮೊದಲು ಕೆಲಸವನ್ನೇ ಒಮ್ಮೆ ಕಾಗದದ ಮೇಲೆ ಬಿಡಿಸಿಕೊಳ್ಳಬೇಕು. ರೇಷನ್ ವಿಷಯದಲ್ಲಿ ಇದು ಸುಲಭ.

ಪ್ರತಿ ತಿಂಗಳು ಕಾರ್ಡುಗಳ ಸಂಖ್ಯೆ ನೋಡಿ ಜಿಲ್ಲೆಗೆ, ತಾಲ್ಲೂಕಿಗೆ, ಅಂಗಡಿಗೆ ಹಂಚಿಕೆ ನಿಗದಿಯಾಗುತ್ತದೆ. ಭಾರತೀಯ ಆಹಾರ ನಿಗಮದ ಗೋದಾಮಿನಿಂದ ಧಾನ್ಯ ಎತ್ತುವಳಿಯಾಗಿ ತಾಲ್ಲೂಕಿನ ಸಗಟು ಮಳಿಗೆಗೆ ಬರುತ್ತದೆ. ಅಲ್ಲಿಂದ ಸಾಗಣೆ ಗುತ್ತಿಗೆದಾರರ ಲಾರಿಗಳು ಅದನ್ನು ನ್ಯಾಯಬೆಲೆ ಅಂಗಡಿಗಳಿಗೆ ಮುಟ್ಟಿಸುತ್ತವೆ. ಅಂಗಡಿಯವರು ಪಿಓಎಸ್ ಯಂತ್ರದಲ್ಲಿ ಬೆರಳಚ್ಚು ಪಡೆದು ಕಾರ್ಡುದಾರರಿಗೆ ಕೊಡುತ್ತಾರೆ. ತಿಂಗಳ ಕೊನೆಯಲ್ಲಿ ಅಂಗಡಿಯಲ್ಲಿ ಉಳಿದ ದಾಸ್ತಾನನ್ನು ಲೆಕ್ಕ ಹಾಕಿ ಮುಂದಿನ ತಿಂಗಳ ಹಂಚಿಕೆಯಲ್ಲಿ ಕಳೆಯುತ್ತಾರೆ.

ಬಿಸ್ಕತ್ತು ಕಂಪನಿಯ ಸರಕೂ ಹೀಗೆಯೇ ಸಾಗುತ್ತದೆ. ಅಲ್ಲಿ ಗೋದಾಮಿನಿಂದ ಡಿಪೋಗೆ ಬರುವುದು ಪ್ರೈಮರಿ ಸಾಗಣೆ, ಡಿಪೋದಿಂದ ಅಂಗಡಿಗೆ ಹೋಗುವುದು ಸೆಕೆಂಡರಿ ಸಾಗಣೆ. ಸಗಟು ಮಳಿಗೆ ಅವರ ವೇರ್‌ಹೌಸ್. ಉಳಿಕೆ ನೋಡಿ ಮತ್ತೆ ತುಂಬಿಸುವ ಲೆಕ್ಕ ಅವರ ರೀಪ್ಲೆನಿಶ್‌ಮೆಂಟ್. ಪಿಓಎಸ್ ವರದಿ ಎರಡೂ ಕಡೆ ಪಿಓಎಸ್ ವರದಿಯೇ. ನ್ಯಾಯಬೆಲೆ ಅಂಗಡಿಯವರು ಇಲಾಖೆಯ ನೌಕರರಲ್ಲ. ಪ್ರಾಧಿಕಾರ ಪತ್ರ ಪಡೆದು ಕಮಿಷನ್ ಮೇಲೆ ನಡೆಸುವವರು. ಕಂಪನಿ ಇಂಥವರನ್ನು ಡೀಲರ್ ಜಾಲ ಎನ್ನುತ್ತದೆ. ಸಂಬಳ ಕೊಡದ, ಕೆಲಸದಿಂದ ತೆಗೆಯಲಾಗದ ನೂರಾರು ಅಂಗಡಿಯವರಿಂದ ಸಮಯಕ್ಕೆ ಸರಿಯಾಗಿ ಕೆಲಸ ಮಾಡಿಸುವುದು ಎಂಥ ಕಷ್ಟ ಎಂಬುದು ಕಂಪನಿಯ ವಿತರಣಾ ಮುಖ್ಯಸ್ಥನಿಗೆ ಚೆನ್ನಾಗಿ ಗೊತ್ತು. ಅಧಿಕಾರಿಯ ಅನುಭವದಲ್ಲಿ ಅವನಿಗೆ ಹೆಚ್ಚು ಬೆಲೆಬಾಳುವ ಭಾಗ ಇದೇ. ಹಳೆಯ ಸಾರಾಂಶದಲ್ಲಿ ಅದು “ಅಂಗಡಿಗಳ ತಪಾಸಣೆ” ಎಂಬ ಎರಡು ಪದಗಳಲ್ಲಿ ಮುಗಿದಿತ್ತು.

ಅಂಕಿಗಳು ಎಲ್ಲಿ ಸಿಗುತ್ತವೆ

ಮುಂದಿನದು ಪ್ರಮಾಣ. ನಮ್ಮ ಕಲ್ಪಿತ ಜಿಲ್ಲೆಯಲ್ಲಿ 480 ನ್ಯಾಯಬೆಲೆ ಅಂಗಡಿಗಳು, 7 ಸಗಟು ಮಳಿಗೆಗಳು, 20,000 ಅಂತ್ಯೋದಯ ಕಾರ್ಡುಗಳು, 2,40,000 ಆದ್ಯತಾ ಕಾರ್ಡುಗಳು ಇವೆ ಎನ್ನೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಅಂತ್ಯೋದಯ ಕುಟುಂಬಕ್ಕೆ ತಿಂಗಳಿಗೆ 35 ಕೆ.ಜಿ., ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ 5 ಕೆ.ಜಿ. ಧಾನ್ಯ. ಅಂತ್ಯೋದಯಕ್ಕೆ 700 ಟನ್ ಆಯಿತು. ಆದ್ಯತಾ ಕಾರ್ಡುಗಳಲ್ಲಿ ಒಟ್ಟು 8,16,000 ಸದಸ್ಯರಿದ್ದರೆ 4,080 ಟನ್. ರಾಜ್ಯ ಸರ್ಕಾರದ ಹೆಚ್ಚುವರಿ ಪಾಲನ್ನು ಬಿಟ್ಟರೂ ತಿಂಗಳಿಗೆ 4,780 ಟನ್ ಸಾಗುತ್ತದೆ. ಹತ್ತು ಟನ್ನಿನ ಲಾರಿಗಳಲ್ಲಿ 478 ಲೋಡು.

“ಪಡಿತರ ವ್ಯವಸ್ಥೆಯ ಅನುಷ್ಠಾನ” ಎಂಬ ಮಾತನ್ನು ಇದರ ಪಕ್ಕ ಇಟ್ಟು ನೋಡಿ. ತಿಂಗಳಿಗೆ 4,780 ಟನ್, 480 ಅಂಗಡಿ, ಎಂಟು ಲಕ್ಷಕ್ಕೂ ಹೆಚ್ಚು ಜನ ಎಂದರೆ ಇಲಾಖೆಯ ಹೆಸರನ್ನೇ ಕೇಳದವರಿಗೂ ಕೆಲಸದ ಗಾತ್ರ ತಿಳಿಯುತ್ತದೆ.

ರೂಪಾಯಿ ಲೆಕ್ಕವೂ ಬೇಕೆಂದರೆ ಒಂದು ದರವನ್ನು ಹಿಡಿದುಕೊಳ್ಳಬೇಕು, ಯಾವ ದರ ಎಂದೂ ಹೇಳಬೇಕು. 2023ರ ಜುಲೈನಲ್ಲಿ ಹೆಚ್ಚುವರಿ ಅಕ್ಕಿ ಸಿಗದೆ ರಾಜ್ಯ ಸರ್ಕಾರ ಅದರ ಬದಲು ಹಣ ಕೊಡಲು ಶುರುಮಾಡಿದಾಗ ಕೆ.ಜಿ.ಗೆ 34 ರೂಪಾಯಿ ಹಿಡಿದಿತ್ತು. ಆ ದರದಲ್ಲಿ 4,780 ಟನ್ನಿನ ಬೆಲೆ ತಿಂಗಳಿಗೆ ಸುಮಾರು 16 ಕೋಟಿ ರೂಪಾಯಿ. ಇದು ಅಧಿಕಾರಿಯ ಕೈ ಹಾದುಹೋಗುವ ಸರಕಿನ ಮೌಲ್ಯ. ಇದನ್ನು ವಹಿವಾಟು ಎಂದೋ ಬಜೆಟ್ ಎಂದೋ ಬರೆದರೆ ತಪ್ಪಾಗುತ್ತದೆ, ಏಕೆಂದರೆ ಅವರು ಮಾರಿದ್ದೂ ಇಲ್ಲ, ಆ ಹಣವನ್ನು ಖರ್ಚು ಮಾಡುವ ಅಧಿಕಾರವೂ ಅವರಿಗಿರಲಿಲ್ಲ.

ಈ ಅಂಕಿಗಳಿಗಾಗಿ ಕಚೇರಿಯ ಕಡತವನ್ನು ಮನೆಗೆ ಹೊತ್ತು ತರಬೇಕಿಲ್ಲ, ತರಲೂಬಾರದು. ಪಡಿತರ ವಿತರಣೆಯ ದಾಖಲೆಗಳು ಸಾರ್ವಜನಿಕರಿಗೆ ಸಿಗುವಂತಿರಬೇಕು ಎಂದು ಆಹಾರ ಭದ್ರತಾ ಕಾಯ್ದೆಯೇ ಹೇಳುತ್ತದೆ. ಹಂಚಿಕೆ, ಅಂಗಡಿಗಳ ಸಂಖ್ಯೆ, ವಿತರಣೆಯ ಪ್ರಮಾಣದಂಥ ಒಟ್ಟು ಲೆಕ್ಕಗಳನ್ನು ಸಾರ್ವಜನಿಕ ದಾಖಲೆಯಿಂದಲೇ ತೆಗೆದುಕೊಳ್ಳಬಹುದು. ಗುತ್ತಿಗೆದಾರರ ಹೆಸರು, ಕಾರ್ಡುದಾರರ ವಿವರ, ವಿಚಾರಣೆಯಲ್ಲಿರುವ ಪ್ರಕರಣ ಇವು ಸಾರಾಂಶದಲ್ಲಿ ಕಾಣಿಸಿಕೊಂಡರೆ ಕಂಪನಿಯವರೇ ಹಿಂಜರಿಯುತ್ತಾರೆ. ಹಳೆಯ ಕಚೇರಿಯ ಗುಟ್ಟು ಇಲ್ಲಿ ಹೇಳುವವರು ನಾಳೆ ನಮ್ಮದನ್ನೂ ಹೇಳಿಯಾರು ಎಂಬ ಅನುಮಾನ ಬರುವುದು ಸಹಜ.

ಇನ್ನೂರು ಗ್ರಾಂ

ಪ್ರಮಾಣದಿಂದ ಕೆಲಸದ ಗಾತ್ರ ತಿಳಿಯುತ್ತದೆ, ಮಾಡಿದವರ ಕೈಚಳಕ ತಿಳಿಯುವುದಿಲ್ಲ. ಅದಕ್ಕೆ ಬದಲಾವಣೆಯ ಒಂದೆರಡು ನಿದರ್ಶನ ಬೇಕು. ಅಧಿಕಾರಿಗಳು ಸಾಮಾನ್ಯವಾಗಿ ಇದನ್ನೇ ಬಿಟ್ಟುಬಿಡುತ್ತಾರೆ, ಅದೆಲ್ಲ ಡ್ಯೂಟಿ ತಾನೆ ಎಂದು.

ನಮ್ಮ ಉಪ ನಿರ್ದೇಶಕರಿಗೆ ಅಂಗಡಿಯವರಿಂದ ಒಂದೇ ದೂರು ಮತ್ತೆ ಮತ್ತೆ ಬರುತ್ತಿತ್ತು: ಐವತ್ತು ಕೆ.ಜಿ. ಮೂಟೆಯಲ್ಲಿ ಇನ್ನೂರು ಗ್ರಾಂ ಕಡಿಮೆ. ಮಳಿಗೆಗೆ ಹೋಗಿ ನೋಡಿದರೆ ಎರಡು ಕಾರಣ ಕಂಡವು. ಹಮಾಲರು ಕೊಕ್ಕೆ ಹಾಕಿ ಎತ್ತುವಾಗ ಗೋಣಿ ಹರಿದು ಅಕ್ಕಿ ಸೋರುತ್ತಿತ್ತು. ತೂಕದಲ್ಲಿ ಕೆಲವೊಮ್ಮೆ ಗೋಣಿಯ ತೂಕವೂ ಸೇರಿಬಿಡುತ್ತಿತ್ತು. ಮೂರು ಮಳಿಗೆಗಳಲ್ಲಿ ಅವರು ಕೊಕ್ಕೆ ನಿಲ್ಲಿಸಿದರು, ಹರಿದ ಮೂಟೆಗಳನ್ನು ಹೊಲಿಸಿಯೇ ಲಾರಿಗೆ ಹತ್ತಿಸುವಂತೆ ಮಾಡಿದರು, ಅಂಗಡಿಯವರ ಎದುರೇ ಗೋಣಿಯ ತೂಕ ಕಳೆದು ಚೀಟಿ ಬರೆಸಿದರು. ಅದು ಫಲಿಸಿದ ಮೇಲೆ ಉಳಿದ ನಾಲ್ಕು ಮಳಿಗೆಗಳಲ್ಲೂ ಜಾರಿಯಾಯಿತು. ಕೊರತೆ ಮೂಟೆಗೆ ಐವತ್ತು ಗ್ರಾಂಗೆ ಇಳಿಯಿತು.

ಇಲಾಖೆಯ ವರದಿಯಲ್ಲಿ ಇದು “ತೂಕದಲ್ಲಿನ ವ್ಯತ್ಯಾಸಗಳ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಲಾಗಿದೆ” ಎಂದು ಒಂದು ಸಾಲಾಯಿತು. ಕಂಪನಿಗೆ ಇದು ಸಾಗಣೆ ನಷ್ಟ. ಇನ್ನೂರು ಗ್ರಾಂ ಎಂದರೆ ಶೇ. 0.4, ಐವತ್ತು ಗ್ರಾಂ ಎಂದರೆ ಶೇ. 0.1. ತಿಂಗಳಿಗೆ 4,780 ಟನ್ನಿನಲ್ಲಿ ಉಳಿದದ್ದು ಸುಮಾರು 14 ಟನ್. ಮೇಲಿನ ದರದಲ್ಲೇ ಹಿಡಿದರೆ ತಿಂಗಳಿಗೆ ಹತ್ತಿರಹತ್ತಿರ ಐದು ಲಕ್ಷ ರೂಪಾಯಿ. ಲಾಭದ ಅಂಚು ತೆಳುವಾಗಿರುವ ವ್ಯಾಪಾರದಲ್ಲಿ ಈ ಸಾಲನ್ನು ಓದಿದ ವಿತರಣಾ ಮುಖ್ಯಸ್ಥ ಪೆನ್ನೆತ್ತಿ ಗುರುತು ಹಾಕದೆ ಇರಲಾರ.

ಎರಡನೆಯದು ಸಮಯ. ಮೊದಲು ತಿಂಗಳ 10ನೇ ತಾರೀಖಿನೊಳಗೆ ಪೂರ್ತಿ ದಾಸ್ತಾನು ಮುಟ್ಟುತ್ತಿದ್ದದ್ದು 480ರಲ್ಲಿ 288 ಅಂಗಡಿಗಳಿಗೆ. ಲಾರಿಯವರು ಹತ್ತಿರದ ಊರುಗಳನ್ನು ಮೊದಲು ಮುಗಿಸಿ ದೂರದವನ್ನು ಕೊನೆಗೆ ಇಡುತ್ತಿದ್ದರು. ಮಧ್ಯೆ ಮಳೆ ಬಂದರೆ, ಲಾರಿ ಕೆಟ್ಟರೆ ಪೆಟ್ಟು ಬೀಳುತ್ತಿದ್ದದ್ದು ಯಾವಾಗಲೂ ಅದೇ ಹಳ್ಳಿಗಳಿಗೆ. ಅಧಿಕಾರಿ ಸರದಿಯನ್ನು ತಿರುಗಿಸಿ ಮೊದಲ ಐದು ದಿನ ದೂರದ ಅಂಗಡಿಗಳಿಗೆ ಎಂದು ಮಾರ್ಗಪಟ್ಟಿ ಮಾಡಿದರು. ಕೆಲವು ತಿಂಗಳಲ್ಲಿ ಸಂಖ್ಯೆ 450 ದಾಟಿತು. ಹೇಳಿದ ದಿನಕ್ಕೆ, ಹೇಳಿದಷ್ಟು ಸರಕು ಮುಟ್ಟಿತೇ ಎಂಬ ಈ ಅಳತೆ ಕಂಪನಿಗಳಲ್ಲಿ ದಿನಬೆಳಗಾದರೆ ಬಳಕೆಯಲ್ಲಿದೆ. ಅಲ್ಲಿ ಅದನ್ನು ಓಟಿಐಎಫ್ ಎನ್ನುತ್ತಾರೆ. ಶೇ. 60ರಿಂದ ಶೇ. 94ಕ್ಕೆ ಏರಿತು ಎಂದರೆ ಬೇರೆ ವಿವರಣೆ ಬೇಡ.

ದಾಳಿ, ಜಪ್ತಿ, ಪರವಾನಗಿ ಅಮಾನತುಗಳನ್ನೂ ಹೀಗೆಯೇ ಸೋಸಬೇಕು. ಅಗತ್ಯ ವಸ್ತುಗಳ ಕಾಯ್ದೆ, 1955ರ 6ಎ ಪ್ರಕರಣಗಳ ಪಟ್ಟಿ ಇಲಾಖೆಯಲ್ಲಿ ಹೆಗ್ಗಳಿಕೆಯ ವಿಷಯ. ಆದರೆ ಬಿಸ್ಕತ್ತು ಕಂಪನಿಗೆ ಪೊಲೀಸರಂಥವರು ಬೇಕಿಲ್ಲ. ಆ ಪ್ರಕರಣಗಳು ಹೊರಬಿದ್ದದ್ದು ಹೇಗೆ ಎಂಬುದನ್ನು ಹೇಳಿದರೆ ಅವರಿಗೆ ಉಪಯೋಗ: ಮಳಿಗೆಯಿಂದ ಹೊರಟ ತೂಕ, ಅಂಗಡಿ ಪಡೆದ ತೂಕ, ಪಿಓಎಸ್‌ನಲ್ಲಿ ಕೊಟ್ಟ ತೂಕ ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ ಸೋರಿಕೆ ಹಿಡಿದದ್ದು.

ಎಲ್ಲಿ ನಿಲ್ಲಬೇಕು

ಪದಗಳ ರುಚಿ ಹತ್ತಿದ ಮೇಲೆ ಕೈ ತಡೆಯುವುದು ಕಷ್ಟ. “ಬೇಡಿಕೆ ಮುನ್ಸೂಚನೆಯಲ್ಲಿ ಪರಿಣತ”, “16 ಕೋಟಿಯ ಲಾಭನಷ್ಟದ ಹೊಣೆ”, “ದರ ಚೌಕಾಸಿಯಲ್ಲಿ ನಿಪುಣ” ಎಂಬ ಸಾಲುಗಳು ಬಂದು ಸೇರಿಕೊಳ್ಳುತ್ತವೆ. ಇವು ಸಂದರ್ಶನದ ಎರಡನೇ ಪ್ರಶ್ನೆಗೆ ಮುರಿದುಬೀಳುತ್ತವೆ.

“ಬೇಡಿಕೆಯನ್ನು ಮೊದಲೇ ಅಂದಾಜು ಮಾಡ್ತಿದ್ದೆ ಅಂದಿದ್ದೀರಿ. ಅಂದಾಜು ಎಷ್ಟು ತಪ್ಪುತ್ತಿತ್ತು ಸರ್?”

“ತಪ್ಪೋ ಪ್ರಶ್ನೆ ಬರೋದಿಲ್ಲ. ಕಾರ್ಡಿಗೆ ಇಷ್ಟು, ತಲೆಗೆ ಇಷ್ಟು ಅಂತ ಮೊದಲೇ ನಿಗದಿಯಾಗಿರುತ್ತೆ.”

“ಹಾಗಾದ್ರೆ ಅದು ಅಂದಾಜಲ್ಲವಲ್ಲ ಸರ್.”

ಪ್ರಶ್ನೆ ಕೇಳಿದವರ ಮಾತು ಸರಿ. ಪಡಿತರದಲ್ಲಿ ಯಾರಿಗೆ ಎಷ್ಟು ಎಂಬುದು ಮೊದಲೇ ಗೊತ್ತು, ಅದನ್ನು ಮುಟ್ಟಿಸುವುದಷ್ಟೇ ಉಳಿದಿರುತ್ತದೆ. ಬಿಸ್ಕತ್ತಿನಲ್ಲಿ ಯಾರು ಎಷ್ಟು ಕೊಳ್ಳುತ್ತಾರೆ ಎಂಬುದೇ ತಿಳಿಯದು. “ನಿಗದಿತ ಬೇಡಿಕೆಗೆ ಮಾಸಿಕ ಹಂಚಿಕೆ ಮತ್ತು ಮರುಪೂರೈಕೆ ಯೋಜನೆ” ಎಂದು ಬರೆದರೆ ನಿಜವೂ ಉಳಿಯುತ್ತದೆ, ಅರ್ಹತೆಯೂ ಉಳಿಯುತ್ತದೆ.

ಚೌಕಾಸಿಯದೂ ಅದೇ ಕಥೆ. ಸರ್ಕಾರಿ ಖರೀದಿ ನಡೆಯುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999ರ ಚೌಕಟ್ಟಿನಲ್ಲಿ. ಟೆಂಡರು ಕರೆದು, ಅರ್ಹತೆ ನೋಡಿ, ಕಡಿಮೆ ದರದವರಿಗೆ ಕೊಡುವ ಕ್ರಮ ಅಲ್ಲಿಯದು. ಎದುರು ಕೂತು ಬೆಲೆ ಇಳಿಸುವ ಕಂಪನಿಯ ಖರೀದಿಗಿಂತ ಅದು ಬೇರೆ. ಸಾಗಣೆ ಟೆಂಡರನ್ನು ತೀರ್ಮಾನಿಸಿದ್ದು ಸಮಿತಿಯಾದರೆ, ಅಧಿಕಾರಿ ಅದರ ಸದಸ್ಯ ಮಾತ್ರ. “ಟೆಂಡರು ಷರತ್ತುಗಳ ತಯಾರಿ, ಗುತ್ತಿಗೆದಾರರ ಕೆಲಸದ ಮೇಲ್ವಿಚಾರಣೆ” ಎಂಬುದು ಅವರ ನಿಜವಾದ ಪಾಲು.

ಕ್ರಿಯಾಪದಗಳ ಮೇಲೂ ಕಣ್ಣಿಡಬೇಕು. ಪಿಓಎಸ್ ಯಂತ್ರ ತರುವುದು ರಾಜ್ಯಮಟ್ಟದ ತೀರ್ಮಾನ. ಜಿಲ್ಲೆಯ ಅಧಿಕಾರಿ ಅದನ್ನು ರೂಪಿಸಲಿಲ್ಲ, ಜಾರಿಗೆ ತಂದರು. ಮಾರ್ಗಪಟ್ಟಿಯನ್ನು ಮಾತ್ರ ಅವರೇ ರೂಪಿಸಿದರು. ಈ ಎರಡು ಕ್ರಿಯಾಪದಗಳನ್ನು ಸರಿಯಾದ ಜಾಗದಲ್ಲಿ ಬಳಸಿದ ಅಭ್ಯರ್ಥಿಯನ್ನು ಅನುಭವಿ ಸಂದರ್ಶಕರು ಬೇಗ ನಂಬುತ್ತಾರೆ.

ಹೊಸ ಸಾರಾಂಶ

ಇಷ್ಟನ್ನೂ ಸೋಸಿದರೆ ಉಳಿಯುವುದು ಐದು ವಾಕ್ಯ. ನಿಜವಾದ ರೆಸ್ಯೂಮೆಯಲ್ಲಿ ಇದು ಇಂಗ್ಲಿಷಿನಲ್ಲಿರುತ್ತದೆ, ಹುರುಳು ಇದೇ:

“ಆಹಾರ ಧಾನ್ಯಗಳ ದಾಸ್ತಾನು, ಸಾಗಣೆ ಮತ್ತು ಡೀಲರ್ ಜಾಲದ ನಿರ್ವಹಣೆಯಲ್ಲಿ 22 ವರ್ಷಗಳ ಅನುಭವ, ಸದ್ಯ ರಾಜ್ಯ ಆಹಾರ ಇಲಾಖೆಯ ಜಿಲ್ಲಾ ಮುಖ್ಯಸ್ಥ. 7 ವೇರ್‌ಹೌಸ್‌ಗಳ ಮೂಲಕ 480 ಸ್ವತಂತ್ರ ಅಂಗಡಿಗಳಿಗೆ ತಿಂಗಳಿಗೆ ಸುಮಾರು 4,780 ಟನ್ ಧಾನ್ಯ ಪೂರೈಕೆಯ ಹೊಣೆ. ಸಾಗಣೆ ಮಾರ್ಗಗಳನ್ನು ಹೊಸದಾಗಿ ರೂಪಿಸಿ, ತಿಂಗಳ 10ರೊಳಗೆ ಪೂರ್ಣ ದಾಸ್ತಾನು ಪಡೆಯುವ ಅಂಗಡಿಗಳನ್ನು ಶೇ. 60ರಿಂದ ಶೇ. 94ಕ್ಕೆ ಏರಿಸಿದ್ದೇನೆ, ತೂಕ ಮತ್ತು ಮೂಟೆ ನಿರ್ವಹಣೆಯ ಕ್ರಮ ಬದಲಿಸಿ ಸಾಗಣೆ ನಷ್ಟವನ್ನು ಶೇ. 0.4ರಿಂದ ಶೇ. 0.1ಕ್ಕೆ ಇಳಿಸಿದ್ದೇನೆ. ಎಲ್ಲ ಅಂಗಡಿಗಳಲ್ಲಿ ಪಿಓಎಸ್ ವ್ಯವಸ್ಥೆ ಜಾರಿ, ದಾಸ್ತಾನು ತಾಳೆ ಮತ್ತು ಗುತ್ತಿಗೆದಾರರ ಮೇಲ್ವಿಚಾರಣೆಯಲ್ಲಿ ನೇರ ಅನುಭವ. ಗ್ರಾಮೀಣ ಭಾಗದ ಸರಕು ವಿತರಣೆ ಅಥವಾ ವೇರ್‌ಹೌಸ್ ನಿರ್ವಹಣೆಯ ಪ್ರಾದೇಶಿಕ ಹೊಣೆಗೆ ಸಿದ್ಧ.”

ಇಲ್ಲಿ ಇಲಾಖೆಯ ಹೆಸರು ಒಮ್ಮೆ ಬಂದಿದೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಅದನ್ನು ಮರೆಮಾಚಿ “ಬೃಹತ್ ಸಂಸ್ಥೆಯೊಂದರಲ್ಲಿ” ಎಂದು ಬರೆದರೆ ಕೆಳಗಿನ ಹುದ್ದೆಗಳ ಪಟ್ಟಿ ನೋಡಿದಾಗ ಓದುಗರಿಗೆ ಗೊಂದಲವಾಗುತ್ತದೆ. ಪ್ರಾಮಾಣಿಕ, ಪರಿಶ್ರಮಿ ಎಂಬ ಪದಗಳು ಹೋಗಿವೆ. ಅವನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು.

ಕೊನೆಯ ವಾಕ್ಯವನ್ನು ಮಾತ್ರ ಅರ್ಜಿಯಿಂದ ಅರ್ಜಿಗೆ ಬದಲಿಸಬೇಕಾಗುತ್ತದೆ. ಗೋದಾಮು ನಡೆಸುವ ಕಂಪನಿಗೆ ಹೋಗುವಾಗ ದಾಸ್ತಾನು ತಾಳೆ ಮೇಲೆ ಬರಲಿ, ಅಂಗಡಿಗಳಿಗೆ ಸರಕು ಮುಟ್ಟಿಸುವ ಕಂಪನಿಗೆ ಡೀಲರ್ ಜಾಲ ಮೇಲೆ ಬರಲಿ. ಇನ್ನೊಂದು ದಾರಿಯೂ ಇದೆ. ಹಲವು ಕಂಪನಿಗಳು ನಿವೃತ್ತ ಅಧಿಕಾರಿಗಳನ್ನು ಕರೆಯುವುದು ವಿಧಾನಸೌಧದ, ವಿಕಾಸಸೌಧದ ಬಾಗಿಲುಗಳು ಗೊತ್ತಿರುತ್ತವೆ ಎಂಬ ಕಾರಣಕ್ಕೆ. ಸಾರಾಂಶದ ಮೊದಲ ಸಾಲಿನಲ್ಲಿ “ಸರ್ಕಾರಿ ಇಲಾಖೆಗಳೊಂದಿಗೆ ಉತ್ತಮ ಸಂಪರ್ಕ” ಎಂದು ಬರೆದರೆ ಆ ಕುರ್ಚಿಯೇ ಸಿಗುತ್ತದೆ. ವಿತರಣೆ ನಡೆಸುವ ಆಸೆಯಿದ್ದವರು ಆ ಸಾಲನ್ನು ಎಲ್ಲಿಯೂ ಬರೆಯದಿರುವುದು ಕ್ಷೇಮ.

ಅರ್ಜಿ ಕಳಿಸುವ ಮೊದಲು ನಿಯಮವನ್ನೂ ನೋಡಿಕೊಳ್ಳಬೇಕು. ಕೇಂದ್ರ ಸೇವೆಯ ಎ ವರ್ಗದ ಅಧಿಕಾರಿಗಳು ನಿವೃತ್ತಿಯ ನಂತರ ಒಂದು ವರ್ಷದೊಳಗೆ ವಾಣಿಜ್ಯ ಸಂಸ್ಥೆ ಸೇರಬೇಕಾದರೆ ಸರ್ಕಾರದ ಪೂರ್ವಾನುಮತಿ ಪಡೆಯಬೇಕು. ರಾಜ್ಯ ಸೇವೆಯವರು ತಮಗೆ ಅನ್ವಯಿಸುವ ನಿಯಮವನ್ನು ಸಿಬ್ಬಂದಿ ಶಾಖೆಯಿಂದ ಲಿಖಿತವಾಗಿಯೇ ತಿಳಿದುಕೊಳ್ಳಲಿ. ಸ್ವಯಂ ನಿವೃತ್ತಿಗೆ ಮೂರು ತಿಂಗಳ ನೋಟಿಸ್ ಕೊಡಬೇಕಾಗುತ್ತದೆ. ತಾವು ನಿಯಂತ್ರಿಸಿದ ಗುತ್ತಿಗೆದಾರರೊಂದಿಗೆ ವ್ಯವಹಾರವಿರುವ ಕಂಪನಿಯಾದರೆ ಅದನ್ನು ಮೊದಲ ಮಾತುಕತೆಯಲ್ಲೇ ಹೇಳಿಬಿಡಬೇಕು.

ಉಳಿದದ್ದು ಒಂದು ಪರೀಕ್ಷೆ. ಸಾರಾಂಶದ ಪ್ರತಿ ಸಾಲಿನ ಎದುರು “ಹೇಗೆ ಅಳೆದಿರಿ?” ಎಂದು ಬರೆದುಕೊಂಡು ಎರಡು ನಿಮಿಷ ಮಾತಾಡಿ ನೋಡಬೇಕು. ನಮ್ಮ ಉಪ ನಿರ್ದೇಶಕರು ಶೇ. 0.4ರ ಸಾಲಿಗೆ ಬಂದಾಗ ಮಳಿಗೆ, ಗೋಣಿ, ಕೊಕ್ಕೆ, ತೂಕದ ಚೀಟಿ ಎಂದು ಹೇಳುತ್ತಾ ಹೋಗಬಲ್ಲರು. ಹಾಗೆ ಹೇಳಲಾಗದ ಸಾಲು ಎಷ್ಟೇ ಚೆನ್ನಾಗಿ ಕೇಳಿಸಿದರೂ ಅಳಿಸಿಬಿಡಬೇಕು.